ನ್ಯಾಯವಾದ ಕಂತು, ಕೊಳೆರೋಗದ ವರ್ಷ: ವಿಮೆ ಕೊಳ್ಳುವವರ ಲೆಕ್ಕ

(ಬದಿಯಡ್ಕದಲ್ಲಿ ಅಡಿಕೆ ಕೃಷಿಕರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.)

ವಿಮೆಯ ಕಂತು ‘ನ್ಯಾಯವಾದದ್ದು’ ಎಂದು ಅರ್ಥಶಾಸ್ತ್ರದಲ್ಲಿ ಹೇಳುವಾಗ ಅದಕ್ಕೆ ಖಚಿತವಾದ ಒಂದು ಅರ್ಥವಿದೆ. ಹಲವು ವರ್ಷಗಳ ಸರಾಸರಿಯಲ್ಲಿ ವಿಮಾ ಸಂಸ್ಥೆ ಎಷ್ಟು ಪರಿಹಾರ ಕೊಡಬೇಕಾಗುತ್ತದೆಯೋ ಅಷ್ಟನ್ನೇ ಕಂತಾಗಿ ಪಡೆದರೆ ಅದು ನ್ಯಾಯವಾದ ಕಂತು. ಕಚೇರಿಯ ಖರ್ಚಿಗಾಗಲಿ ಲಾಭಕ್ಕಾಗಲಿ ಒಂದು ರೂಪಾಯಿಯೂ ಅದರಲ್ಲಿ ಸೇರಿರುವುದಿಲ್ಲ. ಇಂಥ ಕಂತು ಕಟ್ಟಿದವನಿಗೆ ಸರಾಸರಿಯ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಿದ್ದರೆ ಆತ ವಿಮೆಯನ್ನು ಕೊಳ್ಳುವುದೇಕೆ? ಕೊಳ್ಳುವುದಾದರೂ ನಷ್ಟದ ಪೂರ್ತಿ ಮೊತ್ತಕ್ಕೇ ಏಕೆ ಕೊಳ್ಳಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದಷ್ಟೇ ಇಂದಿನ ಮಾತಿನ ಉದ್ದೇಶ, ಮತ್ತು ಆ ಉತ್ತರವನ್ನು ನಮ್ಮ ಊರಿನ ಕೊಳೆರೋಗದ ಲೆಕ್ಕದಲ್ಲಿಯೇ ಹುಡುಕುವುದು ಒಳ್ಳೆಯದೆಂದು ನಾನು ಭಾವಿಸಿದ್ದೇನೆ.

ಒಂದು ತೋಟವನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಆರಿಸಿಕೊಂಡವು. ಪೆರ್ಲದ ಅಥವಾ ಮುಳ್ಳೇರಿಯದ ಯಾವ ತೋಟದವೂ ಅಲ್ಲ. ಒಳ್ಳೆಯ ವರ್ಷದಲ್ಲಿ ಈ ತೋಟದಿಂದ, ಕೂಲಿ, ಗೊಬ್ಬರ, ಮದ್ದಿನ ಖರ್ಚು ಕಳೆದು, ಮನೆಗೆ 4 ಲಕ್ಷ ರೂಪಾಯಿ ಉಳಿಯುತ್ತದೆ. ಮಳೆ ಬಿಡದೆ ಹೊಯ್ದು, ಬೋರ್ಡೋ ದ್ರಾವಣ ಬಿಡಲು ಒಂದು ದಿನದ ಬಿಸಿಲೂ ಸಿಗದೆ, ಎಳೆಕಾಯಿಗಳು ಕೊಳೆತು ಉದುರಿದ ವರ್ಷದಲ್ಲಿ ಉಳಿಯುವುದು 1 ಲಕ್ಷ ಮಾತ್ರ. ಇಂಥ ವರ್ಷ 5 ವರ್ಷಕ್ಕೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳೋಣ, ಅಂದರೆ ನಷ್ಟದ ಸಂಭವನೀಯತೆ 0.2. ಈ ಮನೆಗೆ ಬೇರೆ ಉಳಿತಾಯವಿಲ್ಲ; ಆ ವರ್ಷದ ಊಟ, ಮಕ್ಕಳ ಓದು, ಬ್ಯಾಂಕಿನ ಸಾಲದ ಕಂತು ಎಲ್ಲವೂ ಇದೇ ಹಣದಿಂದ ನಡೆಯಬೇಕು. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದಿನ ಎಲ್ಲ ಲೆಕ್ಕವೂ ಅದರ ಮೇಲೆ ನಿಂತಿದೆ.

ಸರಾಸರಿ ವರಮಾನ ಎಷ್ಟು? 4 ಲಕ್ಷದ ನೂರಕ್ಕೆ 80 ಭಾಗ 3 ಲಕ್ಷದ 20 ಸಾವಿರ, 1 ಲಕ್ಷದ ನೂರಕ್ಕೆ 20 ಭಾಗ 20 ಸಾವಿರ. ಕೂಡಿದರೆ 3 ಲಕ್ಷದ 40 ಸಾವಿರ. ಇದನ್ನು ನಿರೀಕ್ಷಿತ ಮೌಲ್ಯ ಎನ್ನುತ್ತೇವೆ. ನಿರೀಕ್ಷಿತ ನಷ್ಟ 3 ಲಕ್ಷದ ಐದನೆಯ ಒಂದು ಭಾಗ, ಅಂದರೆ 60 ಸಾವಿರ. ಆದ್ದರಿಂದ 3 ಲಕ್ಷದ ಪೂರ್ಣ ವಿಮೆಗೆ ನ್ಯಾಯವಾದ ಕಂತು 60 ಸಾವಿರ. ಕಂತು ಕಟ್ಟಿದವನ ಕೈಯಲ್ಲಿ ರೋಗ ಬರಲಿ ಬಾರದಿರಲಿ 3 ಲಕ್ಷದ 40 ಸಾವಿರ ಇರುತ್ತದೆ. ಕಟ್ಟದವನ ಕೈಯಲ್ಲಿ ಸರಾಸರಿ ಅಷ್ಟೇ ಇರುತ್ತದೆ. ಹಣದ ಸರಾಸರಿಯನ್ನಷ್ಟೇ ನೋಡುವವನಿಗೆ ಈ ಎರಡರ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ವ್ಯತ್ಯಾಸವನ್ನು ಕಾಣಿಸಿದವನು ಡೇನಿಯಲ್ ಬೆರ್ನೂಲಿ. 1738ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾದ ಆತನ ಪ್ರಬಂಧವನ್ನು ನಾಣ್ಯ ಚಿಮ್ಮುವ ಆಟದ ಒಂದು ಒಗಟಿಗಾಗಿ ಎಲ್ಲರೂ ನೆನೆಯುತ್ತಾರೆ. ಅದೇ ಪ್ರಬಂಧದಲ್ಲಿರುವ ವಿಮೆಯ ಲೆಕ್ಕವನ್ನು ನೆನೆಯುವವರು ಕಡಿಮೆ, ನನಗಂತೂ ಅದೇ ಹೆಚ್ಚು ಬೆಲೆಯುಳ್ಳದ್ದು. ಒಂದು ರೂಪಾಯಿ ಹೆಚ್ಚಾದಾಗ ಮನುಷ್ಯನಿಗೆ ಸಿಗುವ ತೃಪ್ತಿ ಆತನಲ್ಲಿ ಈಗಾಗಲೇ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ, ಇದ್ದದ್ದು ಹೆಚ್ಚಿದಂತೆ ಮುಂದಿನ ರೂಪಾಯಿಯ ತೂಕ ಇಳಿಯುತ್ತದೆ ಎಂಬುದು ಬೆರ್ನೂಲಿಯ ಮಾತು. ಪಿಯುಸಿ ತರಗತಿಯಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ಎಂದು ಓದುವ ನಿಯಮ ಇದೇ. ಹಾಗಿರುವಾಗ ಅನಿಶ್ಚಿತ ಫಲವನ್ನು ತೂಗುವವನು ಹಣದ ಸರಾಸರಿಯನ್ನಲ್ಲ, ಪ್ರತಿಯೊಂದು ಫಲದ ತುಷ್ಟಿಗುಣದ ಸರಾಸರಿಯನ್ನು ತೆಗೆಯಬೇಕು. ಇದೇ ನಿರೀಕ್ಷಿತ ತುಷ್ಟಿಗುಣ.

ಬೆರ್ನೂಲಿ ಕೊಟ್ಟ ಉದಾಹರಣೆ ಹೀಗಿದೆ. ಪೀಟರ್ಸ್‌ಬರ್ಗಿನ ವರ್ತಕನೊಬ್ಬ ಆಮ್‌ಸ್ಟರ್‌ಡ್ಯಾಮಿನಲ್ಲಿ ಸರಕು ಕೊಂಡಿದ್ದಾನೆ. ಅದು ಊರಿಗೆ ತಲುಪಿದರೆ 10,000 ರೂಬಲ್‌ಗೆ ಮಾರಾಟವಾಗುತ್ತದೆ. ಆ ಋತುವಿನಲ್ಲಿ ಹೊರಟ ನೂರು ಹಡಗುಗಳಲ್ಲಿ ಐದು ಮುಳುಗುತ್ತವೆ. ನ್ಯಾಯವಾದ ಕಂತು 500 ರೂಬಲ್, ಆದರೆ 800ಕ್ಕಿಂತ ಕಡಿಮೆಗೆ ವಿಮೆ ಕೊಡುವವರು ಯಾರೂ ಇಲ್ಲ. ಆತ ವಿಮೆ ಮಾಡಿಸಬೇಕೋ ಬೇಡವೋ? ಸರಕನ್ನು ಬಿಟ್ಟು ಆತನ ಬಳಿ ಬೇರೆ ಎಷ್ಟು ಸಂಪತ್ತಿದೆ ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರವಿಲ್ಲ ಎಂದು ಬೆರ್ನೂಲಿ ಹೇಳಿದ. ತುಷ್ಟಿಗುಣಕ್ಕೆ ಲಾಗರಿದಮ್ಮಿನ ರೇಖೆಯನ್ನು ಹಿಡಿದು ಲೆಕ್ಕ ಹಾಕಿದಾಗ 5,043 ರೂಬಲ್ ಎಂಬ ಗಡಿ ಬಂತು. ಅದಕ್ಕಿಂತ ಕಡಿಮೆ ಉಳ್ಳವನು ದುಬಾರಿಯಾದರೂ ವಿಮೆ ಮಾಡಿಸಬೇಕು, ಹೆಚ್ಚು ಉಳ್ಳವನು ಅಪಾಯವನ್ನು ತಾನೇ ಹೊರಬಹುದು. ಇನ್ನೊಂದು ಕಡೆಯಿಂದ, ಇದೇ 800 ರೂಬಲ್ ಪಡೆದು ವಿಮೆ ಕೊಡುವವನ ಬಳಿ ಕನಿಷ್ಠ 14,243 ರೂಬಲ್ ಇದ್ದರೆ ಮಾತ್ರ ಆ ವ್ಯವಹಾರ ಅವನಿಗೂ ಹಿತ. ಒಂದೇ ಕರಾರು ಕೊಡುವವನಿಗೂ ಕೊಳ್ಳುವವನಿಗೂ ಒಳ್ಳೆಯದಾಗಬಲ್ಲದು, ಏಕೆಂದರೆ ಇಬ್ಬರೂ ಸಂಪತ್ತಿನ ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತಿದ್ದಾರೆ. ವಿಮೆ ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗಿರುವ ಜೂಜಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕವನ್ನು ನಾನು ಕಂಡಿಲ್ಲ.

ಈಗ ನಮ್ಮ ತೋಟಕ್ಕೆ ಬರೋಣ. ಲಾಗರಿದಮ್ಮಿನ ಬದಲು ವರ್ಗಮೂಲವನ್ನು ತುಷ್ಟಿಗುಣದ ರೇಖೆಯಾಗಿ ತೆಗೆದುಕೊಳ್ಳುತ್ತೇನೆ. ಬೆರ್ನೂಲಿಗಿಂತ ಹತ್ತು ವರ್ಷ ಮೊದಲೇ, 1728ರಲ್ಲಿ, ಗೇಬ್ರಿಯಲ್ ಕ್ರಾಮರ್ ತನ್ನ ಪತ್ರವೊಂದರಲ್ಲಿ ಬಳಸಿದ್ದ ರೇಖೆ ಇದು. ಹಣವನ್ನು ಸಾವಿರಗಳಲ್ಲಿ ಎಣಿಸಿದರೆ 400ರ ವರ್ಗಮೂಲ 20, 100ರ ವರ್ಗಮೂಲ 10. ಹಣ ನಾಲ್ಕು ಪಟ್ಟಾದಾಗ ತುಷ್ಟಿಗುಣ ಎರಡೇ ಪಟ್ಟಾಗುತ್ತದೆ. ರೇಖೆ ಮೇಲೇರುತ್ತಲೇ ಬಾಗುತ್ತದೆ. ವಿಮೆ ಇಲ್ಲದವನ ನಿರೀಕ್ಷಿತ ತುಷ್ಟಿಗುಣ 20ರ ನೂರಕ್ಕೆ 80 ಭಾಗ, ಅಂದರೆ 16, ಅದಕ್ಕೆ 10ರ ನೂರಕ್ಕೆ 20 ಭಾಗವಾದ 2 ಸೇರಿ 18. ನ್ಯಾಯವಾದ ಕಂತು ಕಟ್ಟಿದವನಿಗೆ ಖಚಿತವಾಗಿ 340 ಸಾವಿರ ಇದೆ. ಅದರ ವರ್ಗಮೂಲ 18.44. ಹಣದ ಸರಾಸರಿ ಎರಡು ಕಡೆಯೂ ಒಂದೇ ಆಗಿದ್ದರೂ ತುಷ್ಟಿಗುಣದ ಸರಾಸರಿ ವಿಮೆ ಕೊಂಡವನಿಗೆ ಹೆಚ್ಚು.

18 ಮತ್ತು 18.44 ಎಂಬ ಅಂಕಿಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ತುಷ್ಟಿಗುಣವನ್ನು ಯಾವ ಅಳತೆಗೋಲಿನಿಂದ ಅಳೆದರೂ, ಸೊನ್ನೆಯನ್ನು ಎಲ್ಲಿಟ್ಟರೂ, ತೀರ್ಮಾನ ಬದಲಾಗುವುದಿಲ್ಲ. ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ 1940ರ ದಶಕದಲ್ಲಿ ಈ ಸಿದ್ಧಾಂತಕ್ಕೆ ಕಟ್ಟಿಕೊಟ್ಟ ತಾರ್ಕಿಕ ಅಡಿಪಾಯದ ಸಾರ ಇದು. ಆದ್ದರಿಂದ ತುಷ್ಟಿಗುಣವನ್ನು ಮರಳಿ ರೂಪಾಯಿಗೆ ತಂದು ನೋಡುವುದೇ ಸರಿಯಾದ ದಾರಿ. 18 ಎಂಬ ತುಷ್ಟಿಗುಣವನ್ನು ಕೊಡುವ ಖಚಿತ ಮೊತ್ತ 18ರ ವರ್ಗ, ಅಂದರೆ 3 ಲಕ್ಷದ 24 ಸಾವಿರ. ಇದನ್ನು ಖಚಿತ ಸಮಾನ ಮೊತ್ತ ಎನ್ನೋಣ. ವಿಮೆ ಇಲ್ಲದ ಈ ತೋಟದವನಿಗೆ ಅನಿಶ್ಚಿತವಾದ ತನ್ನ ವರಮಾನವೂ ಖಚಿತವಾದ 3,24,000 ರೂಪಾಯಿಯೂ ಸರಿಸಮ. ಅದು ಸರಾಸರಿಗಿಂತ 16 ಸಾವಿರ ಕಡಿಮೆ. ಅನಿಶ್ಚಿತತೆಯಿಂದ ಬಿಡುಗಡೆ ಪಡೆಯಲು ಆತ ಸರಾಸರಿಯಿಂದ ಬಿಟ್ಟುಕೊಡಲು ಸಿದ್ಧನಿರುವ ಮೊತ್ತ ಇದೇ. ಆದ್ದರಿಂದ ಕಂತು 60 ಸಾವಿರವಿದ್ದರೆ ಆತ ಸಂತೋಷದಿಂದ ಕೊಳ್ಳುತ್ತಾನೆ, 76 ಸಾವಿರದವರೆಗೂ ಪೂರ್ಣ ವಿಮೆ ಅವನಿಗೆ ವಿಮೆ ಇಲ್ಲದಿರುವುದಕ್ಕಿಂತ ಮೇಲು. ಬೆರ್ನೂಲಿಯ ಲಾಗರಿದಮ್ಮನ್ನು ಹಿಡಿದಿದ್ದರೆ ಖಚಿತ ಸಮಾನ ಮೊತ್ತ ಸುಮಾರು 3 ಲಕ್ಷದ 3 ಸಾವಿರಕ್ಕೆ ಇಳಿಯುತ್ತಿತ್ತು, ಕಂತಿನ ಮಿತಿ 97 ಸಾವಿರದ ಹತ್ತಿರ ಏರುತ್ತಿತ್ತು. ರೇಖೆ ಹೆಚ್ಚು ಬಾಗಿದಷ್ಟೂ ಅಪಾಯವಿಮುಖತೆ ಹೆಚ್ಚು ಎನ್ನುವುದು ಇದನ್ನೇ.

ಅಪಾಯವಿಮುಖತೆಯನ್ನು ಪುಕ್ಕಲುತನವೆಂದೋ ನಿರಾಶಾವಾದವೆಂದೋ ತಿಳಿಯುವುದು ತಪ್ಪು. ನಮ್ಮ ಲೆಕ್ಕದ ಕೃಷಿಕನು ರೋಗದ ಸಂಭವನೀಯತೆಯನ್ನು ಒಂದಿಷ್ಟೂ ಹೆಚ್ಚಿಸಿ ಹೇಳಲಿಲ್ಲ, 0.2 ಎಂದರೆ 0.2 ಎಂದೇ ಹಿಡಿದಿದ್ದಾನೆ. 1 ಲಕ್ಷದಲ್ಲಿ ಸಂಸಾರ ಸಾಗಿಸುವ ವರ್ಷದಲ್ಲಿ ಕೈಗೆ ಬರುವ ಒಂದು ಸಾವಿರಕ್ಕೆ, 4 ಲಕ್ಷ ಇರುವ ವರ್ಷದ ಒಂದು ಸಾವಿರಕ್ಕಿಂತ ಹೆಚ್ಚು ತೂಕವಿದೆ ಎಂಬುದಷ್ಟೇ ಅವನ ಮಾತು.

ಇಲ್ಲಿಗೆ ‘ವಿಮೆ ಏಕೆ’ ಎಂಬುದಕ್ಕೆ ಉತ್ತರ ಸಿಕ್ಕಿತು. ‘ಪೂರ್ತಿ ಮೊತ್ತಕ್ಕೇ ಏಕೆ’ ಎಂಬ ಪ್ರಶ್ನೆ ಉಳಿದಿದೆ, ಮತ್ತು ಸಿದ್ಧಾಂತದ ಸೊಬಗು ಇರುವುದು ಅದರಲ್ಲಿಯೇ. ಆತ ಒಂದೊಂದೇ ರೂಪಾಯಿಯ ರಕ್ಷಣೆಯನ್ನು ಕೊಳ್ಳುತ್ತ ಹೋಗುತ್ತಾನೆ ಎಂದುಕೊಳ್ಳಿ. ಒಂದು ರೂಪಾಯಿಯ ರಕ್ಷಣೆಗೆ ಕಂತು 20 ಪೈಸೆ. ಒಳ್ಳೆಯ ವರ್ಷದಲ್ಲಿ ಅವನು ಈ 20 ಪೈಸೆಯನ್ನು ಕಳೆದುಕೊಳ್ಳುತ್ತಾನೆ. ಕೆಟ್ಟ ವರ್ಷದಲ್ಲಿ ಒಂದು ರೂಪಾಯಿ ಪಡೆದು, ಕಂತು ಕಳೆದು, 80 ಪೈಸೆ ಗಳಿಸುತ್ತಾನೆ. ಸಂಭವನೀಯತೆಯಿಂದ ತೂಗಿದರೆ 20 ಪೈಸೆಯ ನೂರಕ್ಕೆ 80 ಭಾಗವೂ 16 ಪೈಸೆ, 80 ಪೈಸೆಯ ನೂರಕ್ಕೆ 20 ಭಾಗವೂ 16 ಪೈಸೆ. ಒಳ್ಳೆಯ ವರ್ಷದಿಂದ ಕೆಟ್ಟ ವರ್ಷಕ್ಕೆ ಹಣವನ್ನು ದಾಟಿಸುವ ಈ ಕಾಲುವೆಯಲ್ಲಿ ಒಂದು ಹನಿಯೂ ಸೋರುವುದಿಲ್ಲ. ನ್ಯಾಯವಾದ ಕಂತಿನ ನಿಜವಾದ ಅರ್ಥ ಇದು. ಸೋರಿಕೆ ಇಲ್ಲದಿರುವಾಗ, ಕೆಟ್ಟ ವರ್ಷದ ಕೈಹಣ ಒಳ್ಳೆಯ ವರ್ಷದ್ದಕ್ಕಿಂತ ಕಡಿಮೆ ಇರುವವರೆಗೂ ಅಲ್ಲಿ ರೂಪಾಯಿಯ ತೂಕ ಹೆಚ್ಚು, ಆದ್ದರಿಂದ ಇನ್ನೊಂದು ರೂಪಾಯಿಯ ರಕ್ಷಣೆ ಕೊಂಡರೆ ಲಾಭವೇ. ಎರಡೂ ವರ್ಷಗಳ ಕೈಹಣ ಸಮನಾದ ಕ್ಷಣದಲ್ಲಿ ಮಾತ್ರ ಕೊಳ್ಳುವುದನ್ನು ನಿಲ್ಲಿಸಬೇಕು. ಅದು ರಕ್ಷಣೆ 3 ಲಕ್ಷವಾದಾಗ.

ಅಂಕಿಗಳಲ್ಲಿ ಪರೀಕ್ಷಿಸಿದರೂ ಹೀಗೆಯೇ ಬರುತ್ತದೆ. ಅರ್ಧಕ್ಕೆ, ಅಂದರೆ ಒಂದೂವರೆ ಲಕ್ಷಕ್ಕೆ ವಿಮೆ ಮಾಡಿಸಿದರೆ ಕಂತು 30 ಸಾವಿರ. ಒಳ್ಳೆಯ ವರ್ಷದಲ್ಲಿ 3,70,000, ಕೆಟ್ಟ ವರ್ಷದಲ್ಲಿ 2,20,000 ಉಳಿಯುತ್ತದೆ, ಖಚಿತ ಸಮಾನ ಮೊತ್ತ 3,24,000ದಿಂದ ಸುಮಾರು 3,36,900ಕ್ಕೆ ಏರುತ್ತದೆ. ಪೂರ್ಣ ವಿಮೆಯಲ್ಲಿ 3,40,000. ನಷ್ಟಕ್ಕಿಂತ ಹೆಚ್ಚಾಗಿ ಮೂರೂವರೆ ಲಕ್ಷಕ್ಕೆ ಮಾಡಿಸಿದರೆ ಮತ್ತೆ 3,39,700ಕ್ಕೆ ಇಳಿಯುತ್ತದೆ, ಏಕೆಂದರೆ ಆಗ ರೋಗದ ವರ್ಷವೇ ಶ್ರೀಮಂತ ವರ್ಷವಾಗಿ, ಅಪಾಯ ಇನ್ನೊಂದು ದಿಕ್ಕಿನಿಂದ ಹುಟ್ಟುತ್ತದೆ. ಗಮನಿಸಬೇಕಾದದ್ದು, ಕಾಲುವೆಯ ವಾದದಲ್ಲಿ ವರ್ಗಮೂಲ ಎಲ್ಲಿಯೂ ಬರಲಿಲ್ಲ. ರೇಖೆ ಯಾವುದೇ ಇರಲಿ, ಅದು ಬಾಗಿದ್ದರೆ ಸಾಕು: ಅತಿ ಎಚ್ಚರದವನೂ ಅಲ್ಪ ಎಚ್ಚರದವನೂ ನ್ಯಾಯವಾದ ಕಂತಿನಲ್ಲಿ ಪೂರ್ಣ ವಿಮೆಯನ್ನೇ ಆರಿಸುತ್ತಾರೆ. ಅವರ ನಡುವಿನ ಭೇದ ಕಾಣಿಸಿಕೊಳ್ಳುವುದು ಕಂತು ನ್ಯಾಯದ ಮಟ್ಟವನ್ನು ಮೀರಿದಾಗ.

ಸಭೆಯಲ್ಲಿದ್ದ ಹಿರಿಯ ಕೃಷಿಕರೊಬ್ಬರು ಇಲ್ಲಿ ಎದ್ದು ನಿಂತು, “ಮಾಷ್ಟ್ರೇ, ಹತ್ತು ವರ್ಷ ಕಂತು ಕಟ್ಟಿ ಒಂದು ಸಲವೂ ಪರಿಹಾರ ಬಾರದವನಿಗೆ ಏನು ಹೇಳುತ್ತೀರಿ? ಆರು ಲಕ್ಷ ಹೋಯಿತಲ್ಲ?” ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ವರ್ಷಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದರೆ ಹತ್ತು ವರ್ಷ ರೋಗವೇ ಬಾರದಿರುವ ಸಂಭವನೀಯತೆ 0.8ನ್ನು ಹತ್ತು ಸಲ ಗುಣಿಸಿದಷ್ಟು, ಸುಮಾರು 0.107, ಅಂದರೆ ಇಂಥ ಹತ್ತು ತೋಟದವರಲ್ಲಿ ಒಬ್ಬರಿಗಾದರೂ ಹೀಗಾಗುವುದು ಆಶ್ಚರ್ಯವಲ್ಲ. ಅವರ ಕೈಯಿಂದ ಹಣ ಹೋದದ್ದು ನಿಜ. “ಆದರೆ ಅಣ್ಣಾ, ಕಂತು ಕಟ್ಟುವ ದಿನ ಆ ಹತ್ತು ಮಳೆಗಾಲ ಹೇಗಿರುತ್ತದೆಂದು ಅವರಿಗೆ ತಿಳಿದಿರಲಿಲ್ಲ. ತೀರ್ಮಾನ ಒಳ್ಳೆಯದೋ ಅಲ್ಲವೋ ಎಂಬುದನ್ನು ಆ ದಿನ ತಿಳಿದಿದ್ದ ಸಂಗತಿಗಳಿಂದಲೇ ಅಳೆಯಬೇಕು” ಎಂದು ನಾನು ಉತ್ತರಿಸಿದೆ. ವಿಮೆಯನ್ನು ಹಣ ಹೂಡಿ ಹಿಂದೆ ಪಡೆಯುವ ಠೇವಣಿಯಂತೆ ನೋಡುವ ರೂಢಿ ನಮ್ಮಲ್ಲಿ ಬಲವಾಗಿದೆ; ಹಾಗೆ ನೋಡಿದರೆ ಒಳ್ಳೆಯ ಮಳೆಗಾಲವೇ ನಷ್ಟವಾಗಿ ಕಾಣುತ್ತದೆ.

ಇನ್ನು, ನ್ಯಾಯವಾದ ಕಂತಿಗೆ ವಿಮೆ ಕೊಡುವವರು ಸಿಗುತ್ತಾರೆಯೇ? ಸಿದ್ಧಾಂತದಲ್ಲಿ ಸಿಗಬಹುದು, ಅಪಾಯಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ. ನಮ್ಮ ಒಂದು ತೋಟದ ನಷ್ಟದ ಏರಿಳಿತವನ್ನು ಪ್ರಮಾಣಿತ ವಿಚಲನೆಯಿಂದ ಅಳೆದರೆ 1,20,000 ರೂಪಾಯಿ. ಇಂಥ 100 ತೋಟಗಳನ್ನು ಒಟ್ಟಿಗೆ ಹಿಡಿದರೆ ತೋಟವೊಂದಕ್ಕೆ ಬೀಳುವ ಸರಾಸರಿ ನಷ್ಟದ ಏರಿಳಿತ 12,000ಕ್ಕೆ ಇಳಿಯುತ್ತದೆ, 10,000 ತೋಟಗಳಲ್ಲಿ 1,200ಕ್ಕೆ. ಹೀಗೆ ಹಲವರ ಅಪಾಯವನ್ನು ಸೇರಿಸಿದಾಗ ಅಪಾಯವೇ ಕರಗಿಹೋಗುವುದರಿಂದ, ಅದನ್ನು ಹೊತ್ತದ್ದಕ್ಕೆ ಸಂಸ್ಥೆ ಹೆಚ್ಚಿನ ಹಣ ಕೇಳಬೇಕಾಗಿಲ್ಲ. ಕೊಳೆರೋಗದ ವಿಷಯದಲ್ಲಿ ಹೀಗಾಗುವುದಿಲ್ಲ. ಇದಕ್ಕೆ ಕಾರಣವಾದ ಫೈಟಾಫ್ಥೊರ ಎಂಬ ಜೀವಿ ಎಡೆಬಿಡದ ಮಳೆಯಲ್ಲಿ, ತಂಪು ಹವೆಯಲ್ಲಿ ಹಬ್ಬುತ್ತದೆ. ಎಣ್ಮಕಜೆಯಲ್ಲಿ ಜುಲೈಯಲ್ಲಿ ಬಿಸಿಲು ಕಾಣದಿದ್ದರೆ ಕುಂಬಡಾಜೆಯಲ್ಲಿಯೂ ಕಾಣುವುದಿಲ್ಲ. ಎಲ್ಲ ತೋಟಗಳೂ ಒಂದೇ ವರ್ಷ ಕೆಡುತ್ತವೆಯಾದರೆ, ಹತ್ತು ಸಾವಿರ ತೋಟಗಳನ್ನು ಸೇರಿಸಿದರೂ ಏರಿಳಿತ ಒಂದು ರೂಪಾಯಿಯೂ ಇಳಿಯುವುದಿಲ್ಲ. ಆಗ ಸಂಸ್ಥೆ ದೊಡ್ಡ ಮೊತ್ತವನ್ನು ಕಾಯ್ದಿರಿಸಬೇಕು, ಇಲ್ಲವೇ ಬೇರೆ ರಾಜ್ಯಗಳ, ಬೇರೆ ಬೆಳೆಗಳ ಅಪಾಯದೊಂದಿಗೆ ಬೆರೆಸಬೇಕು, ಮರುವಿಮೆ ಕೊಳ್ಳಬೇಕು. ಅದರ ಖರ್ಚು, ತೋಟಕ್ಕೆ ಬಂದು ನಷ್ಟ ಅಂದಾಜಿಸುವವರ ಖರ್ಚು ಎಲ್ಲವೂ ಕಂತಿಗೆ ಸೇರುತ್ತವೆ.

ಹೀಗೆ ರೂಪಾಯಿಗೆ 20 ಪೈಸೆಯ ಬದಲು 25 ಪೈಸೆ ಕೇಳಿದರೆಂದುಕೊಳ್ಳೋಣ. ಈಗ ಕಾಲುವೆ ಸೋರುತ್ತಿದೆ. ಪೂರ್ಣ ವಿಮೆಗೆ 75 ಸಾವಿರ ಕಂತು; ಉಳಿಯುವುದು 3,25,000. ಇದು ವಿಮೆ ಇಲ್ಲದವನ 3,24,000ಕ್ಕಿಂತ ಕೂದಲೆಳೆಯಷ್ಟು ಮೇಲು. ಆದರೆ ಇದೇ ದರದಲ್ಲಿ 1,40,000 ರೂಪಾಯಿಗೆ ಮಾತ್ರ ವಿಮೆ ಮಾಡಿಸಿ 35 ಸಾವಿರ ಕಂತು ಕಟ್ಟಿದರೆ ಖಚಿತ ಸಮಾನ ಮೊತ್ತ ಸುಮಾರು 3,29,300 ಆಗುತ್ತದೆ; ವರ್ಗಮೂಲದ ರೇಖೆಯವನಿಗೆ ಹೆಚ್ಚುಕಡಿಮೆ ಇದೇ ಅತ್ಯುತ್ತಮ ಮೊತ್ತ. ಕಂತು ನ್ಯಾಯವನ್ನು ಮೀರಿದ ಕೂಡಲೇ ಪೂರ್ಣ ವಿಮೆ ಅತ್ಯುತ್ತಮವಾಗಿ ಉಳಿಯುವುದಿಲ್ಲ, ನಷ್ಟದ ಒಂದು ಭಾಗವನ್ನು ತಾನೇ ಹೊರುವುದು ವಿವೇಕ ಎಂಬ ಈ ಫಲಿತಾಂಶವನ್ನು 1968ರಲ್ಲಿ ನಾರ್ವೆಯ ಅರ್ಥಶಾಸ್ತ್ರಜ್ಞ ಯಾನ್ ಮೊಸ್ಸಿನ್ ಸಾಧಿಸಿ ತೋರಿಸಿದರು. ಒಂದು ಭಾಗವನ್ನು ಕೃಷಿಕನೇ ಹೊರುವುದರಿಂದ ಇನ್ನೊಂದು ಪ್ರಯೋಜನವೂ ಇದೆ: ಮೈಲುತುತ್ತು, ಸುಣ್ಣ ತಂದು, ಆಳು ಹುಡುಕಿ, ಮಳೆ ಬಿಟ್ಟ ಹೊತ್ತಿನಲ್ಲಿ ಮದ್ದು ಬಿಡಿಸುವ ಆಸಕ್ತಿ ಆತನಲ್ಲಿ ಉಳಿಯುತ್ತದೆ. ಪೂರ್ತಿ ಪರಿಹಾರ ಖಚಿತವಿದ್ದರೆ 0.2 ಎಂದು ನಾವು ಹಿಡಿದ ಸಂಭವನೀಯತೆ 0.2 ಆಗಿಯೇ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು.

ಇದೇ ಲೆಕ್ಕವನ್ನು ಸಣ್ಣ ನಷ್ಟಕ್ಕೆ ಹಾಕಿದರೆ ಚಿತ್ರ ತೀರ ಬದಲಾಗುತ್ತದೆ. 3 ಲಕ್ಷದ ಬದಲು 10 ಸಾವಿರ ರೂಪಾಯಿ ಹೋಗುವ ಅಪಾಯ ಇದೆಯೆನ್ನಿ, ಪಂಪ್‌ಸೆಟ್ಟು ಕೆಡುವಂಥದ್ದು; ಸಂಭವನೀಯತೆ ಅದೇ 0.2. ನಿರೀಕ್ಷಿತ ನಷ್ಟ 2,000. ಅನಿಶ್ಚಿತತೆಯಿಂದ ಪಾರಾಗಲು ನಮ್ಮ ಕೃಷಿಕ ಅದಕ್ಕಿಂತ ಹೆಚ್ಚಾಗಿ ಎಷ್ಟು ಕೊಟ್ಟಾನು? ಕೇವಲ 10 ರೂಪಾಯಿ. ನಷ್ಟ 30 ಪಟ್ಟು ಹೆಚ್ಚಿದಾಗ ಆತ ಬಿಟ್ಟುಕೊಡಲು ಸಿದ್ಧನಾದ ಮೊತ್ತ 10 ರೂಪಾಯಿಯಿಂದ 16 ಸಾವಿರಕ್ಕೆ, ಅಂದರೆ 1,600 ಪಟ್ಟಿಗೆ ಏರಿತು. ರೇಖೆಯ ಚಿಕ್ಕ ತುಂಡು ನೇರಗೆರೆಯಂತೆಯೇ ಇರುತ್ತದೆ. ಬಾಗು ಕಾಣುವುದು ದೂರ ಹೋದಾಗ. ಸಣ್ಣ ಸಾಮಾನಿಗೆ ಅಂಗಡಿಯಲ್ಲಿ ಮಾರುವ ಹೆಚ್ಚುವರಿ ವಾರಂಟಿಯನ್ನು ಕೊಂಡು, ಬೆಳೆಯನ್ನೂ ಮನೆಯನ್ನೂ ವಿಮೆ ಇಲ್ಲದೆ ಬಿಡುವುದು ಈ ಲೆಕ್ಕಕ್ಕೆ ನೇರ ವಿರುದ್ಧ. ಜನರು ಹಾಗೆ ಮಾಡುತ್ತಾರೆ ಎಂಬುದು ನಿಜ, ಮತ್ತು ಅವರ ಸಣ್ಣ ಮೊತ್ತದ ಹೆದರಿಕೆಯನ್ನು ಬಾಗಿದ ರೇಖೆಯಿಂದ ವಿವರಿಸಲು ಹೋದರೆ ದೊಡ್ಡ ಮೊತ್ತಗಳಲ್ಲಿ ನಂಬಲಾಗದ ಫಲಿತಾಂಶ ಬರುತ್ತದೆ ಎಂದು 2000ದಲ್ಲಿ ಮ್ಯಾಥ್ಯೂ ರಾಬಿನ್ ತೋರಿಸಿದ್ದಾರೆ. ನಿರೀಕ್ಷಿತ ತುಷ್ಟಿಗುಣವು ಸಂಸಾರವನ್ನೇ ಅಲುಗಿಸುವ ನಷ್ಟಗಳಿಗೆ ಸರಿಯಾದ ಅಳತೆ, ಪ್ರತಿಯೊಂದು ಅಂಜಿಕೆಗೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ನಮ್ಮ ಜಿಲ್ಲೆಯಂಥ ಕಡೆ ಬಹಳ ಮುಖ್ಯವೆಂದು ನಾನು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಾವು ‘ನಷ್ಟವಾದಾಗ ಪರಿಹಾರ ಬರುತ್ತದೆ’ ಎಂದು ಹಿಡಿದೆವು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಬರುವುದು ನಿಮ್ಮ ತೋಟ ನೋಡಿ ಅಲ್ಲ, ಗೊತ್ತುಮಾಡಿದ ಹವಾಮಾನ ಕೇಂದ್ರದ ಮಳೆಮಾಪಕ ಮತ್ತಿತರ ಉಪಕರಣಗಳ ದಾಖಲೆ ನೋಡಿ. ಇದಕ್ಕೆ ಒಳ್ಳೆಯ ಕಾರಣಗಳಿವೆ: ತೋಟ ಸುತ್ತಿ ಅಂದಾಜಿಸುವ ಖರ್ಚಿಲ್ಲ, ಮದ್ದು ಬಿಡದೆ ಕುಳಿತವನಿಗೆ ಅದರಿಂದ ಹೆಚ್ಚು ಸಿಗುವುದೂ ಇಲ್ಲ. ಆದರೆ ಮಾಪಕಕ್ಕೂ ತೋಟಕ್ಕೂ ಹೊಂದಿಕೆ ತಪ್ಪಬಹುದು. ಕಣಿವೆಯ ತೋಟದಲ್ಲಿ ಮಂಜು ಕವಿದು ಕಾಯಿ ಕೊಳೆತಿರುತ್ತದೆ, ಮಾಪಕದಲ್ಲಿ ಮಳೆ ಗುರುತಿನ ಗೆರೆ ಮುಟ್ಟಿರುವುದಿಲ್ಲ.

ಇದರ ಲೆಕ್ಕ ಹೀಗೆ. 20 ಮಳೆಗಾಲಗಳಲ್ಲಿ 4 ಕೊಳೆರೋಗದವು. ಮಾಪಕವೂ 20ರಲ್ಲಿ 4 ವರ್ಷ ಪರಿಹಾರ ಕೊಡುತ್ತದೆ. ಆದ್ದರಿಂದ 3 ಲಕ್ಷಕ್ಕೆ ನ್ಯಾಯವಾದ ಕಂತು ಮೊದಲಿನಂತೆ 60 ಸಾವಿರ. ಮಾಪಕದ 4ರಲ್ಲಿ 3 ನಿಜವಾದ ರೋಗದ ವರ್ಷಗಳಾಗಿದ್ದು ಒಂದು ತಪ್ಪಿದರೆ, ಆ ಒಂದು ವರ್ಷ ರೋಗವಿದ್ದೂ ಪರಿಹಾರವಿಲ್ಲದೆ, ಕಂತೂ ಕಳೆದು, ಕೈಯಲ್ಲಿ 40 ಸಾವಿರ ಮಾತ್ರ ಉಳಿಯುತ್ತದೆ. ಇನ್ನೊಂದು ವರ್ಷ ಬೆಳೆಯೂ ಪರಿಹಾರವೂ ಸೇರಿ 6,40,000 ಆಗುತ್ತದೆ. ಖಚಿತ ಸಮಾನ ಮೊತ್ತ ಸುಮಾರು 3,30,400. ಪೂರ್ಣ ಹೊಂದಿಕೆಯ 3,40,000ಕ್ಕಿಂತ ಬಹಳ ಕಡಿಮೆ, ಆದರೂ ವಿಮೆ ಇಲ್ಲದಿರುವುದಕ್ಕಿಂತ ಮೇಲು. ಹೊಂದಿಕೆ 4ರಲ್ಲಿ 2ಕ್ಕೆ ಇಳಿದರೆ ಅದು ಸುಮಾರು 3,20,900 ಆಗುತ್ತದೆ: ವಿಮೆ ಇಲ್ಲದವನ 3,24,000ಕ್ಕಿಂತ ಕೆಳಗೆ. ಕಂತು ಪೈಸೆಗೆ ಪೈಸೆ ನ್ಯಾಯವಾಗಿದೆ, ಕೃಷಿಕ ಅಪಾಯವಿಮುಖ, ಆದರೂ ಪೂರ್ಣ ವಿಮೆ ಅವನಿಗೆ ಕೆಡುಕು. ಏಕೆಂದರೆ ಈ ವಿಮೆ ಅತ್ಯಂತ ಕೆಟ್ಟ ವರ್ಷವನ್ನು 1 ಲಕ್ಷದಿಂದ 40 ಸಾವಿರಕ್ಕೆ ತಳ್ಳಿದೆ, ಮತ್ತು ಬಾಗಿದ ರೇಖೆಯಲ್ಲಿ ಹಣದ ತೂಕ ಅತಿ ಹೆಚ್ಚಾಗಿರುವುದು ಅಲ್ಲಿಯೇ. ಇಂಥ ವಿಮೆ ಬೇಡವೆನ್ನುವ ಕೃಷಿಕನನ್ನು ತಿಳಿವಳಿಕೆ ಇಲ್ಲದವನೆಂದು ದೂರುವುದು ಅನ್ಯಾಯ. ಆತನು ಲೆಕ್ಕವನ್ನು ಬರೆಯದೆಯೇ ಸರಿಯಾಗಿ ಹಾಕಿರಬಹುದು.

ಆದರೆ ಪೂರ್ಣ ವಿಮೆ ಬೇಡ ಎಂದ ಮಾತ್ರಕ್ಕೆ ವಿಮೆಯೇ ಬೇಡ ಎಂದಾಗುವುದಿಲ್ಲ. ಹೊಂದಿಕೆ 4ರಲ್ಲಿ 2 ಇರುವ ಅದೇ ಮಾಪಕದ ಮೇಲೆ 1 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ 20 ಸಾವಿರ ಕಂತು ಕಟ್ಟಿದರೆ ಖಚಿತ ಸಮಾನ ಮೊತ್ತ ಸುಮಾರು 3,26,600ಕ್ಕೆ ಏರುತ್ತದೆ. ಅತ್ಯಂತ ಕೆಟ್ಟ ವರ್ಷದಲ್ಲಿಯೂ 80 ಸಾವಿರ ಕೈಯಲ್ಲಿರುತ್ತದೆ. ಸರ್ಕಾರ ಕಂತಿನ ಬಹುಭಾಗವನ್ನು ಭರಿಸುವ ಈಗಿನ ಯೋಜನೆಯಲ್ಲಿ, ತೋಟಗಾರಿಕೆ ಬೆಳೆಗಳಿಗೆ ಕೃಷಿಕನ ಪಾಲು ವಿಮಾ ಮೊತ್ತದ ನೂರಕ್ಕೆ 5ನ್ನು ಮೀರುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ನ್ಯಾಯವಾದ ದರ ನೂರಕ್ಕೆ 20 ಇರುವುದರಿಂದ ಅಷ್ಟು ಕಡಿಮೆ ಕಂತಿಗೆ ಅಪಾಯಕ್ಕೆ ಅಂಜದವನೂ ಕೊಳ್ಳುತ್ತಾನೆ. ಅಲ್ಲಿ ವಿಮೆ ಕೊಂಡದ್ದನ್ನೇ ಅಪಾಯವಿಮುಖತೆಗೆ ಸಾಕ್ಷಿಯೆಂದು ಹಿಡಿಯುವಂತಿಲ್ಲ. ಸಹಾಯಧನವಿರಲಿ ಇಲ್ಲದಿರಲಿ, ಎಷ್ಟು ಮೊತ್ತಕ್ಕೆ ಮಾಡಿಸಬೇಕು ಎಂಬುದನ್ನು ನಿರ್ಧರಿಸುವ ಮೊದಲು ಪ್ರತಿಯೊಬ್ಬರೂ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ತೋಟದಲ್ಲಿ ರೋಗ ಬಲವಾಗಿ ಬಂದ ವರ್ಷಗಳನ್ನು ಹಳೆಯ ಮಾರಾಟದ ಚೀಟಿಗಳಿಂದ ಬರೆದುಕೊಳ್ಳಿ, ನಿಮ್ಮ ಪಂಚಾಯತಿಗೆ ಗೊತ್ತುಮಾಡಿದ ಕೇಂದ್ರದ ದಾಖಲೆಯಂತೆ ಪರಿಹಾರ ಬಂದ ವರ್ಷಗಳನ್ನು ಅದರ ಪಕ್ಕದಲ್ಲಿ ಬರೆಯಿರಿ, ಎರಡೂ ಕಡೆ ಇರುವ ವರ್ಷಗಳನ್ನು ಎಣಿಸಿ. ಆ ಎಣಿಕೆ ರೋಗದ ವರ್ಷಗಳಲ್ಲಿ ಮುಕ್ಕಾಲು ಪಾಲಿಗೆ ಹತ್ತಿರವಿದ್ದರೆ ದೊಡ್ಡ ಮೊತ್ತಕ್ಕೆ ಹೋಗಬಹುದು. ಅರ್ಧದ ಆಸುಪಾಸಿನಲ್ಲಿದ್ದರೆ ಸಣ್ಣ ಮೊತ್ತಕ್ಕೆ ನಿಲ್ಲಿಸಿ, ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಒಂದಿಷ್ಟು ಹಣವನ್ನು ಬೇರೆಯಾಗಿ ಇಡುವುದು ಮೇಲು.